ಒಂದೇ ಮದುವೆಗೆ ಎರಡು ಸೀರೆ: ಧಾರೆಗೆ ಯಾವುದು, ಆರತಕ್ಷತೆಗೆ ಯಾವುದು?

ಮದುವೆಗೆಂದು ಎರಡು ರೇಷ್ಮೆ ಸೀರೆ ಕೊಂಡಾಗ ಹೆಚ್ಚಿನ ಮನೆಗಳಲ್ಲಿ ಅವುಗಳ ಹೊತ್ತು ಅಂಗಡಿಯಲ್ಲೇ ನಿಗದಿಯಾಗಿಬಿಡುತ್ತದೆ. ತೂಕದ್ದು, ಜರಿ ಹೆಚ್ಚಿರುವುದು ಧಾರೆಗೆ. ಹಗುರವಾದದ್ದು ಸಂಜೆಯ ಆರತಕ್ಷತೆಗೆ. ಹಾಗೆ ಹಂಚುವುದು ಎಷ್ಟೋ ಸಲ ತಲೆಕೆಳಗಾದ ಹಂಚಿಕೆ ಎನ್ನುವುದು ನನ್ನ ಅನುಭವ. ಅಂಗಡಿಯ ಗಾದಿಯ ಮೇಲೆ ಮಡಿಕೆಯಲ್ಲಿದ್ದಾಗ ಸೀರೆ ತೋರುವ ರೂಪವೇ ಬೇರೆ, ಉಟ್ಟು ಕುಳಿತು ಎದ್ದಾಗ ತೋರುವ ರೂಪವೇ ಬೇರೆ. ಬಟ್ಟೆ, ಅಂಚು, ಬಣ್ಣ ಈ ಮೂರನ್ನೂ ಮನೆಯಲ್ಲಿ ನಿಧಾನವಾಗಿ ಪರೀಕ್ಷಿಸಿ, ಯಾವುದು ಯಾವ ಹೊತ್ತಿಗೆ ಎಂದು ತೀರ್ಮಾನಿಸುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಉದಾಹರಣೆಗೆ ತೆಗೆದುಕೊಂಡಿರುವುದು ನನ್ನ ಅಕ್ಕನ ಎರಡು ಸೀರೆಗಳನ್ನು. ಮಗಳ ಮದುವೆಯಲ್ಲಿ ಅವಳು ವಧುವಿನ ತಾಯಿ. ಎತ್ತರ 5 ಅಡಿ 1 ಇಂಚು. ಮೊದಲನೆಯದು ಕಾಂಚೀಪುರಂ ಸೀರೆ: ನೇರಳೆ ಒಡಲು, ಸಾಸಿವೆ ಹಳದಿಯ ಅಂಚು ಮತ್ತು ಸೆರಗು, ಎರಡೂ ಕಡೆ 7 ಇಂಚಿನ ಜರಿ ಅಂಚು. ಎರಡನೆಯದು ಮೈಸೂರು ಸಿಲ್ಕ್ ಕ್ರೇಪ್: ಇಡೀ ಸೀರೆ ಎಲೆಹಸಿರು, ಮೂರೂವರೆ ಇಂಚಿನ ಚಿನ್ನದ ಬಣ್ಣದ ಜರಿ ಅಂಚು, ಸೆರಗಿನಲ್ಲಿ ಜರಿಯ ಪಟ್ಟೆಗಳು. ಕೊಂಡಾಗ ಕಾಂಚೀಪುರಂ ಧಾರೆಗೆ, ಹಸಿರು ಕ್ರೇಪ್ ಸಂಜೆಗೆ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಮೊದಲು ಆ ಹೊತ್ತಿನ ಕೆಲಸವನ್ನು ಬರೆದುಕೊಳ್ಳಿ

ಸೀರೆಯನ್ನು ಬಿಡಿಸುವ ಮೊದಲು ಒಂದು ಕಾಗದದಲ್ಲಿ, ಉಡುವವರು ಆ ಹೊತ್ತಿನಲ್ಲಿ ಏನೇನು ಮಾಡುತ್ತಾರೆ ಎಂದು ಬರೆಯಿರಿ. ವಧುವಿನ ತಾಯಿ ಬೆಳಿಗ್ಗೆ ಮಂಟಪದಲ್ಲಿ ಮಣೆಯ ಮೇಲೆ ಕಾಲು ಮಡಚಿ ಕೂರಬೇಕು, ಮತ್ತೆ ಮತ್ತೆ ಏಳಬೇಕು, ಅಳಿಯನ ಪಾದ ತೊಳೆಯುವಾಗ ಬಾಗಬೇಕು, ಧಾರೆ ಎರೆಯುವಾಗ ನೀರಿನ ಪಾತ್ರೆ ಹಿಡಿಯಬೇಕು. ಪಕ್ಕದಲ್ಲೇ ಹೋಮದ ಬಿಸಿ. ಕಾಲಿನಲ್ಲಿ ಚಪ್ಪಲಿ ಇರುವುದಿಲ್ಲ. ಸಂಜೆಯಾದರೆ ಅವಳ ಕೆಲಸ ಬೇರೆ: ವೇದಿಕೆಯ ಬಳಿ ನಿಂತು ಬಂದವರನ್ನು ಮಾತನಾಡಿಸುವುದು, ಫೋಟೋಗಳಿಗೆ ನಿಲ್ಲುವುದು. ಕುಳಿತರೂ ಕುರ್ಚಿಯ ಮೇಲೆ. ಕಾಲಿಗೆ ತುಸು ಹಿಮ್ಮಡಿ ಇರುವ ಚಪ್ಪಲಿ.

ಅಂದರೆ ಬೆಳಗಿನ ಸೀರೆ ಮಡಿಕೆಯನ್ನೂ ನೀರನ್ನೂ ತಾಳಿಕೊಳ್ಳಬೇಕು; ಸಂಜೆಯ ಸೀರೆ ಎದುರಿನಿಂದ, ದೂರದಿಂದ ಚೆನ್ನಾಗಿ ಕಾಣಬೇಕು. ಈ ಎರಡು ಸಾಲು ಕೈಯಲ್ಲಿದ್ದರೆ ಮುಂದಿನ ಪರೀಕ್ಷೆಗಳಿಗೆ ಒಂದು ಗುರಿ ಸಿಗುತ್ತದೆ. ಇಲ್ಲದಿದ್ದರೆ ‘ಎರಡೂ ಚೆನ್ನಾಗಿವೆ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಇದೆಲ್ಲವನ್ನೂ ಫಾಲ್ ಹೊಲಿಸುವ ಮೊದಲೇ, ರವಿಕೆ ಬಟ್ಟೆ ಕತ್ತರಿಸುವ ಮೊದಲೇ ಮಾಡಬೇಕು. ಸೂಜಿ ಬಿದ್ದ ಸೀರೆಯನ್ನು ಯಾವ ಅಂಗಡಿಯೂ ಬದಲಿಸಿಕೊಡುವುದಿಲ್ಲ.

ಬಟ್ಟೆ: ನೇಯ್ದ ಕ್ರಮದಲ್ಲೇ ಉತ್ತರವಿದೆ

ಎರಡೂ ಹಿಪ್ಪುನೇರಳೆ ರೇಷ್ಮೆಯೇ. ಆದರೂ ಮುಟ್ಟಿದ ಕೂಡಲೇ ಎರಡು ಬೇರೆ ಬಟ್ಟೆಗಳೆಂದು ಕೈಗೆ ಗೊತ್ತಾಗುತ್ತದೆ. ಇದಕ್ಕೆ ಕಾರಣ ನೂಲಿಗೆ ಕೊಟ್ಟ ಹುರಿ, ಮತ್ತು ರೇಷ್ಮೆಯ ಎಳೆಯಲ್ಲಿ ಸಹಜವಾಗಿರುವ ಅಂಟನ್ನು ತೆಗೆದ ಹೊತ್ತು.

ಕಾಂಚೀಪುರಂ ಸೀರೆಯಲ್ಲಿ ಹಲವು ಎಳೆಗಳನ್ನು ಸೇರಿಸಿ ಹುರಿಮಾಡಿದ ದಪ್ಪ ನೂಲನ್ನು ಮೊದಲೇ ಕುದಿಸಿ, ಅಂಟು ತೆಗೆದು, ಬಣ್ಣ ಹಾಕಿ, ಆಮೇಲೆ ಮಗ್ಗಕ್ಕೇರಿಸುತ್ತಾರೆ. ಹಾಸಿನ ಎಳೆಗಳಿಗೆ, ಅಂದರೆ ಸೀರೆಯ ಉದ್ದಕ್ಕೆ ಓಡುವ ನೂಲಿಗೆ, ಗಂಜಿಯನ್ನೂ ಕೊಡುತ್ತಾರೆ. ಹಾಗಾಗಿ ಬಟ್ಟೆ ಒತ್ತಾಗಿ, ಗಡುಸಾಗಿ, ನಯವಾದ ಹೊಳಪಿನೊಂದಿಗೆ ಬರುತ್ತದೆ. ನೆರಿಗೆ ಹಿಡಿದರೆ ಹಿಡಿದಂತೆಯೇ ನಿಲ್ಲುತ್ತದೆ. ಆದರೆ ಬೇಡದ ಕಡೆ ಬಿದ್ದ ಮಡಿಕೆಯೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ.

ಮೈಸೂರು ಸಿಲ್ಕ್‌ನ ಕ್ರಮ ಇದಕ್ಕೆ ವಿರುದ್ಧ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಸ್ವಿಟ್ಜರ್ಲೆಂಡ್‌ನಿಂದ ಮಗ್ಗಗಳನ್ನು ತರಿಸಿ ಮೈಸೂರಿನಲ್ಲಿ ಶುರುಮಾಡಿದ ಕಾರ್ಖಾನೆಯ ನೇಯ್ಗೆ ಅದು; ಇಂದು ಅದನ್ನು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತದೆ. ಇಲ್ಲಿ ಅಗಲಕ್ಕೆ ಓಡುವ ಹೊಕ್ಕಿನ ನೂಲಿಗೆ ವಿಪರೀತ ಹುರಿ ಕೊಟ್ಟಿರುತ್ತಾರೆ, ಅದೂ ಕೆಲವು ಎಳೆಗೆ ಬಲಕ್ಕೆ, ಕೆಲವು ಎಳೆಗೆ ಎಡಕ್ಕೆ. ಅಂಟು ಇನ್ನೂ ಉಳಿದಿರುವ ನೂಲಿನಿಂದಲೇ ನೇಯ್ದು, ನಂತರ ಇಡೀ ಸೀರೆಯನ್ನು ಸಾಬೂನಿನ ಬಿಸಿನೀರಿನಲ್ಲಿ ಕುದಿಸುತ್ತಾರೆ. ಅಂಟು ಕರಗಿದಾಗ ಬಿಗಿದಿದ್ದ ಹುರಿ ಬಿಚ್ಚಿಕೊಳ್ಳಲು ಎಳೆದಾಡುತ್ತದೆ. ಬಟ್ಟೆಯ ಮೈಯಲ್ಲಿ ಸಣ್ಣ ಸಣ್ಣ ತರಿಗಳೇಳುತ್ತವೆ. ಆ ತರಿಯೇ ಕ್ರೇಪ್. ಆ ಹುರಿಯ ಬಲದಿಂದ ಬಟ್ಟೆ ಮಡಿಕೆಯನ್ನು ತಾನಾಗಿಯೇ ಬಿಡಿಸಿಕೊಳ್ಳುತ್ತದೆ, ಮೈಗೆ ನೀರಿನಂತೆ ಇಳಿಯುತ್ತದೆ.

ಪರೀಕ್ಷೆ ಹೀಗೆ. ಎರಡೂ ಸೀರೆಗಳ ಒಳತುದಿಯನ್ನು, ಅಂದರೆ ಸೊಂಟದಲ್ಲಿ ಮೊದಲು ಸಿಕ್ಕಿಸಿಕೊಳ್ಳುವ, ಹೊರಗೆ ಕಾಣದ ತುದಿಯನ್ನು, ಮುಷ್ಟಿಯಲ್ಲಿ ಹಿಡಿದು ಒಂದು ನಿಮಿಷ ಬಿಗಿಯಾಗಿ ಒತ್ತಿ ಬಿಡಿ. ಜರಿ ಅಂಚನ್ನು ಒತ್ತಬೇಡಿ, ಒಡಲನ್ನು ಮಾತ್ರ. ಅಕ್ಕನ ಕ್ರೇಪ್ ಸೀರೆ ನೋಡನೋಡುತ್ತಲೇ ಹರಡಿಕೊಂಡಿತು. ಗೆರೆ ಹೆಚ್ಚುಕಡಿಮೆ ಉಳಿಯಲಿಲ್ಲ. ಕಾಂಚೀಪುರಂ ಸೀರೆಯಲ್ಲಿ ಒತ್ತಿದ ಗೆರೆಗಳು ಚೂಪಾಗಿ ಉಳಿದವು. ಬಟ್ಟೆ ಹೊಳೆಯುವಂಥದ್ದಾದ್ದರಿಂದ ಪ್ರತಿ ಗೆರೆಯ ಮೇಲೂ ಬೆಳಕು ಬಿದ್ದು ಅದು ಇನ್ನಷ್ಟು ಎದ್ದು ಕಾಣುತ್ತದೆ. ಮಣೆಯ ಮೇಲೆ ಒಂದು ಗಂಟೆ ಕುಳಿತು ಎದ್ದ ಮೇಲೆ ಮಂಡಿಯ ಹಿಂದೆ, ತೊಡೆಯ ಸಂದಿನಲ್ಲಿ, ಹಿಂಭಾಗದಲ್ಲಿ ಸೀರೆ ಹೇಗೆ ಕಾಣುತ್ತದೆ ಎನ್ನುವುದಕ್ಕೆ ಈ ಒಂದು ನಿಮಿಷದ ಮುಷ್ಟಿಯೇ ಸಾಕ್ಷಿ.

ಮುಷ್ಟಿಗಿಂತ ಒಳ್ಳೆಯ ಪರೀಕ್ಷೆ ಉಟ್ಟು ಕೂರುವುದು. ಹಳೆಯ ರವಿಕೆ, ಲಂಗದ ಮೇಲೆಯೇ ಸೀರೆಯನ್ನು ಸುತ್ತಿ, ಶುದ್ಧವಾದ ಚಾಪೆಯ ಮೇಲೆ ಕಾಲು ಗಂಟೆ ಕುಳಿತು ಎದ್ದು ಕನ್ನಡಿಯ ಮುಂದೆ ತಿರುಗಿ ನೋಡಲಿ. ಉಡುವವರ ಮುಖ ನೋಡಿದರೂ ಸಾಕು. ತೂಕ ಹೊಂದಿತೋ ಇಲ್ಲವೋ ತಿಳಿಯುತ್ತದೆ.

ಕ್ರೇಪ್‌ಗೂ ಒಂದು ದೌರ್ಬಲ್ಯವಿದೆ. ನೀರು ತಗುಲಿದ ಜಾಗದಲ್ಲಿ ಅದರ ಹುರಿ ಮತ್ತೆ ಬಿಗಿದುಕೊಂಡು ಬಟ್ಟೆ ಸುಕ್ಕುಗಟ್ಟುತ್ತದೆ, ಕುಗ್ಗುತ್ತದೆ. ಪಕ್ಕದ ಜರಿ ಅಂಚು ಅಷ್ಟು ಕುಗ್ಗುವುದಿಲ್ಲವಾದ್ದರಿಂದ ಅಂಚಿನ ಬಳಿ ಅಲೆಗಳೇಳುತ್ತವೆ. ಧಾರೆಯ ನೀರಿನ ಮುಂದೆ ಕೂರುವವರಿಗೆ ಇದು ಸಣ್ಣ ವಿಷಯವಲ್ಲ. ಈ ಮಾತಿಗೆ ಬಣ್ಣದ ಭಾಗದಲ್ಲಿ ಮರಳಿ ಬರುತ್ತೇನೆ, ಏಕೆಂದರೆ ನೀರಿನ ವಿಷಯದಲ್ಲಿ ಕಾಂಚೀಪುರಂ ಸೀರೆಗೂ ತನ್ನದೇ ಅಪಾಯವಿದೆ.

ರೇಷ್ಮೆ ಅಪ್ಪಟವೇ ಎಂಬುದನ್ನೂ ಈ ಹಂತದಲ್ಲೇ ನೋಡಿಬಿಡಿ. ಕೇಂದ್ರ ರೇಷ್ಮೆ ಮಂಡಳಿಯ ‘ಸಿಲ್ಕ್ ಮಾರ್ಕ್’ ಚೀಟಿಯಲ್ಲಿ ಹೊಲೊಗ್ರಾಂ ಮತ್ತು ಸಂಖ್ಯೆ ಇರುತ್ತದೆ. ಅದು ರೇಷ್ಮೆ ಶುದ್ಧ ಎಂದಷ್ಟೇ ಹೇಳುತ್ತದೆ. ಜರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಚೀಟಿ ಇಲ್ಲದಿದ್ದರೆ ಒಳತುದಿಯಿಂದ ಹಾಸಿನ ಒಂದೆರಡು ಎಳೆ, ಹೊಕ್ಕಿನ ಒಂದೆರಡು ಎಳೆ ಬೇರೆ ಬೇರೆಯಾಗಿ ತೆಗೆದು ಚಿಮಟದಲ್ಲಿ ಹಿಡಿದು ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕಪ್ಪು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಎರಡೂ ದಿಕ್ಕಿನ ಎಳೆ ಸುಡಲೇಬೇಕು. ಹಾಸು ರೇಷ್ಮೆ, ಹೊಕ್ಕು ಬೇರೆ ಇರುವ ಸೀರೆಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಅಂಚು: ಮೊದಲು ಹಿಂಬದಿ, ಆಮೇಲೆ ಅಳತೆ

ಅಂಚನ್ನು ಎಲ್ಲರೂ ಮುಂಬದಿಯಿಂದ ನೋಡುತ್ತಾರೆ. ತಿರುವಿ ನೋಡಿದರೆ ಹೆಚ್ಚು ತಿಳಿಯುತ್ತದೆ.

ಕಾಂಚೀಪುರಂನ ಹಳೆಯ ಕ್ರಮದಲ್ಲಿ ಒಡಲನ್ನೂ ಎರಡು ಬದಿಯ ಅಂಚುಗಳನ್ನೂ ಮೂರು ಬೇರೆ ಲಾಳಿಗಳಿಂದ ನೇಯುತ್ತಾರೆ. ಪ್ರತಿ ಸಾಲಿನಲ್ಲೂ ಒಡಲಿನ ಹೊಕ್ಕು ಮತ್ತು ಅಂಚಿನ ಹೊಕ್ಕು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಇದಕ್ಕೆ ಕೊರ್ವೈ ಎನ್ನುತ್ತಾರೆ. ನೇಕಾರನ ಜೊತೆಗೆ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಒಂದು ಬದಿಯ ಲಾಳಿಯನ್ನು ನೋಡಿಕೊಳ್ಳಬೇಕಾದಷ್ಟು ಶ್ರಮದ ಕೆಲಸ ಅದು. ಕೊರ್ವೈ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಅಂಚಿನ ಬಣ್ಣ ನೋಡಿ. ಕೊರ್ವೈ ಅಂಚಿನಲ್ಲಿ ಹಾಸೂ ಹೊಕ್ಕೂ ಎರಡೂ ಅಂಚಿನದೇ ಬಣ್ಣವಾದ್ದರಿಂದ ಸಾಸಿವೆ ಹಳದಿ ಎಂದರೆ ಅಚ್ಚ ಸಾಸಿವೆ ಹಳದಿ. ಕೊರ್ವೈ ಅಲ್ಲದಿದ್ದರೆ ಒಡಲಿನ ಹೊಕ್ಕು ಅಂಚಿನೊಳಗೂ ಹಾದುಹೋಗಿರುತ್ತದೆ. ಆಗ ಹಳದಿಯೊಳಗೆ ಒಡಲಿನ ಬಣ್ಣ ಬೆರೆತು ಅಂಚು ಮಾಸಲಾಗಿ ಕಾಣುತ್ತದೆ. ಹಿಂಬದಿಯಲ್ಲಿ ಒಡಲು ಅಂಚು ಸೇರುವ ಗೆರೆಯ ಮೇಲೆ ಬೆರಳಾಡಿಸಿದರೆ ಕೊರ್ವೈಯಲ್ಲಿ ಸಣ್ಣ ಏರು ಸಿಗುತ್ತದೆ.

ಆ ಗೆರೆಯೇ ಸೀರೆಯ ನಾಜೂಕಾದ ಜಾಗವೂ ಹೌದು. ಎರಡು ಹೆಬ್ಬೆರಳುಗಳನ್ನು ಗೆರೆಯ ಆಚೆ ಈಚೆ ಇಟ್ಟು ಮೆಲ್ಲಗೆ ಬೇರೆ ಬೇರೆ ಎಳೆದು, ಬೆಳಕಿಗೆ ಹಿಡಿಯಿರಿ. ಸೂಜಿಯ ತುದಿಯಷ್ಟು ತೂತುಗಳು ಸಾಲಾಗಿ ಕಂಡರೆ ಕೊಂಡಿ ಸಡಿಲವಾಗಿದೆ ಎಂದರ್ಥ. ಒಂದೆರಡು ಕಡೆಯಲ್ಲ, ಸೀರೆಯ ಉದ್ದಕ್ಕೂ ನಾಲ್ಕಾರು ಕಡೆ ನೋಡಿ. ಸೆರಗು ಬೇರೆ ಬಣ್ಣದ್ದಾಗಿದ್ದರೆ ಅದು ಒಡಲಿಗೆ ಸೇರುವ ಅಡ್ಡಗೆರೆಯನ್ನೂ ಹೀಗೆಯೇ ಪರೀಕ್ಷಿಸಿ. ಪೇಟ್ನಿ ಎನ್ನುವ ಆ ಜೋಡಣೆಯಲ್ಲಿ ಹಳೆಯ ಹಾಸಿನ ಎಳೆಗಳನ್ನು ಹೊಸ ಬಣ್ಣದ ಎಳೆಗಳೊಂದಿಗೆ ಸೇರಿಸಿರುತ್ತಾರೆ. ಅಕ್ಕನ ಸೀರೆಯಲ್ಲಿ ಎರಡೂ ಗಟ್ಟಿಯಾಗಿದ್ದವು.

ಕ್ರೇಪ್ ಸೀರೆಯ ಅಂಚಿನಲ್ಲಿ ಇಂಥ ಜೋಡಣೆಯಿಲ್ಲ. ಒಡಲಿನ ಹೊಕ್ಕೇ ಅಂಚಿಗೂ ಹೋಗುತ್ತದೆ, ಬೇರೆಯದಾಗುವುದು ಜರಿ ಮಾತ್ರ. ಹಾಗಾಗಿ ಇಲ್ಲಿ ನೋಡಬೇಕಾದದ್ದು ಅಂಚು ಮತ್ತು ಒಡಲು ಒಂದೇ ಬಿಗಿಯಲ್ಲಿವೆಯೇ ಎಂದು. ಸೀರೆಯನ್ನು ಮಂಚದ ಮೇಲೆ ಎಳೆಯದೆ ಹಾಸಿ. ಅಂಚು ನೇರವಾಗಿ ಮಲಗಿದರೆ ಸರಿ. ಅಂಚು ಎಳೆದುಕೊಂಡು ಒಡಲು ಅಲೆಯಲೆಯಾಗಿ ನಿಂತರೆ, ಉಟ್ಟಾಗ ನೆರಿಗೆಯ ತುದಿ ಒಳಕ್ಕೆ ಸುರುಟಿಕೊಳ್ಳುತ್ತದೆ.

ಜರಿಯ ಮಾತು ಚಿಕ್ಕದು. ಒಳ್ಳೆಯ ಜರಿಯಲ್ಲಿ ರೇಷ್ಮೆಯ ಎಳೆಗೆ ಚಪ್ಪಟೆ ಮಾಡಿದ ಬೆಳ್ಳಿ ತಂತಿಯನ್ನು ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ನಿಗಮದ ಮೈಸೂರು ಸಿಲ್ಕ್ ಜರಿಯಲ್ಲಿ ಶೇಕಡ 65ರಷ್ಟು ಬೆಳ್ಳಿ, ಶೇಕಡ 0.65ರಷ್ಟು ಚಿನ್ನ. ‘ಟೆಸ್ಟೆಡ್ ಜರಿ’ ಎಂದು ಮಾರುವುದರಲ್ಲಿ ತಂತಿ ತಾಮ್ರದ್ದು, ಅದರ ಮೇಲೆ ಬೆಳ್ಳಿಯ ತೆಳು ಲೇಪ. ಹಿಂಬದಿಯಲ್ಲಿ ತೂಗಾಡುವ ಒಂದು ಜರಿ ಎಳೆಯನ್ನು ಉಗುರಿನಿಂದ ಕೆರೆಯಿರಿ: ಬಿಳಿ ಲೋಹ ಕಂಡರೆ ಬೆಳ್ಳಿ, ಕೆಂಗಂದು ಕಂಡರೆ ತಾಮ್ರ, ಪ್ಲಾಸ್ಟಿಕ್ ಹಾಳೆಯಂತೆ ಸುಲಿದರೆ ಅದು ಲೋಹವೇ ಅಲ್ಲ. ಒಳಗಿನ ಎಳೆ ಕೆಂಪು ಎಂಬುದೊಂದನ್ನೇ ನಂಬಬೇಡಿ, ಅಗ್ಗದ ಜರಿಯಲ್ಲೂ ಕೆಂಪು ಎಳೆ ಇಡುತ್ತಾರೆ.

ಇನ್ನು ಅಳತೆ. ಎರಡು ಸೀರೆಗಳ ನಡುವಿನ ತೀರ್ಮಾನ ನನ್ನ ಪಾಲಿಗೆ ತಿರುಗಿದ್ದು ಇಲ್ಲಿಯೇ. ಒಂದು ಟೇಪು ತೆಗೆದುಕೊಂಡು ಸೀರೆಯ ಪನ್ನವನ್ನೂ ಅಂದರೆ ಅಗಲವನ್ನೂ, ಉಡುವವರ ಸೊಂಟದಿಂದ ನೆಲದವರೆಗಿನ ಅಂತರವನ್ನೂ ಅಳೆಯಿರಿ. ಅಕ್ಕನ ಎರಡೂ ಸೀರೆಗಳ ಪನ್ನ 46 ಇಂಚು. ಅವಳ ಸೊಂಟದಿಂದ ನೆಲಕ್ಕೆ ಬರಿಗಾಲಿನಲ್ಲಿ 38 ಇಂಚು. ಉಳಿದ 8 ಇಂಚು ಎಲ್ಲಿಗೆ ಹೋಗಬೇಕು? ಸೊಂಟದಲ್ಲಿ ಒಳಕ್ಕೆ ಸಿಕ್ಕಿಸಿಕೊಳ್ಳಬೇಕು. ಕಾಂಚೀಪುರಂ ಸೀರೆಯ ಮೇಲಂಚು 7 ಇಂಚು. ಅಂದರೆ ಆ ಇಡೀ ಜರಿ ಅಂಚು, ಎಲ್ಲ ನೆರಿಗೆಗಳಲ್ಲೂ ಪದರಪದರವಾಗಿ, ಹೊಟ್ಟೆಯ ಮೇಲೆ ಲಂಗದೊಳಗೆ ಕೂರುತ್ತದೆ. ನಿಂತಾಗ ಸೊಂಟ ದಪ್ಪಗೆ ಕಾಣುತ್ತದೆ ಅಷ್ಟೇ. ಕಾಲು ಮಡಚಿ ಕುಳಿತು ಬಾಗಿದಾಗ ಆ ಜರಿಯ ಕಟ್ಟು ಹೊಟ್ಟೆಗೆ ಒತ್ತುತ್ತದೆ, ಚುಚ್ಚುತ್ತದೆ. ಕ್ರೇಪ್ ಸೀರೆಯಲ್ಲಿಯೂ ಸಿಕ್ಕಿಸಬೇಕಾದದ್ದು ಅಷ್ಟೇ 8 ಇಂಚು, ಆದರೆ ಅದರಲ್ಲಿ ಜರಿ ಮೂರೂವರೆ ಇಂಚು ಮಾತ್ರ; ಉಳಿದದ್ದು ಮೆತ್ತನೆಯ ಬಟ್ಟೆ.

ಸಂಜೆಗೆ ಎರಡು ಇಂಚಿನ ಹಿಮ್ಮಡಿ ಇದ್ದರೆ ಕಾಂಚೀಪುರಂ ಸೀರೆಯಲ್ಲಿ ಸಿಕ್ಕಿಸುವುದು 6 ಇಂಚಿಗೆ ಇಳಿಯುತ್ತದೆ. ಮೇಲಾಗಿ ಆಗ ನಿಂತೇ ಇರುವುದು. ಎತ್ತರ ಕಡಿಮೆ ಇರುವವರು ಇನ್ನೂ ಸೀರೆ ಕೊಂಡಿಲ್ಲದಿದ್ದರೆ, ಕೆಳಗಿನ ಅಂಚು ದೊಡ್ಡದು, ಮೇಲಿನ ಅಂಚು ಚಿಕ್ಕದು ಇರುವ ಕಾಂಚೀಪುರಂ ಸೀರೆಯನ್ನು ಕೇಳಿ ಪಡೆಯುವುದು ಎಷ್ಟೋ ಮೇಲು. ಅಂಥವು ಸಿಗುತ್ತವೆ, ಕೇಳುವವರು ಕಡಿಮೆ.

ಸೆರಗಿನ ಲೆಕ್ಕವೂ ಇದೆ. ಭುಜದ ಮೇಲೆ 5 ಇಂಚು ಅಗಲದ ನೆರಿಗೆ ಹಿಡಿದು ಪಿನ್ ಹಾಕಿದರೆ ಎಲ್ಲಕ್ಕಿಂತ ಮೇಲಿನ ನೆರಿಗೆಯಲ್ಲಿ ಕಾಣುವುದು ಅಂಚು. 7 ಇಂಚಿನ ಅಂಚಿನ 5 ಇಂಚು ಮೇಲೆ, 2 ಇಂಚು ಮಡಿಕೆಯ ಒಳಗೆ. ಮೇಲಿನ ನೆರಿಗೆ ಪೂರ್ತಿ ಸಾಸಿವೆ ಹಳದಿಯೇ ಆಗಿ, ನೇರಳೆಯನ್ನು ಮರೆಸಿಬಿಡುತ್ತದೆ. ಅಕ್ಕ ನೆರಿಗೆಯನ್ನು ಸ್ವಲ್ಪ ಮೆಟ್ಟಿಲಾಗಿ ಬಿಡಿಸಿ, ಒಂದರ ಕೆಳಗೊಂದು ಅರ್ಧ ಇಂಚು ಕಾಣುವಂತೆ ಜೋಡಿಸಿದಾಗ ಒಡಲಿನ ಬಣ್ಣ ಹೊರಬಂತು. ಕ್ರೇಪ್ ಸೀರೆಯ ಚಿಕ್ಕ ಅಂಚಿಗೆ ಈ ಜಾಣ್ಮೆಯೇ ಬೇಡ. ಅಂಚಿನ ಪಕ್ಕದಲ್ಲಿ ಒಂದೂವರೆ ಇಂಚು ಹಸಿರು ತಾನಾಗಿಯೇ ಕಾಣುತ್ತದೆ.

ಬಣ್ಣ: ಯಾವ ಬೆಳಕು, ಯಾವ ದಿಕ್ಕು, ಎಷ್ಟು ನೀರು

ಬೆಳಿಗ್ಗೆ ಹತ್ತರ ಸುಮಾರಿಗೆ, ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿ ಎರಡೂ ಸೀರೆಗಳನ್ನು ಎರಡೆರಡು ಮೀಟರ್ ಬಿಡಿಸಿ ತೂಗುಹಾಕಿ. ಅದೇ ಸಂಜೆ ದೀಪದ ಕೆಳಗೆ ಮತ್ತೆ ನೋಡಿ. ಒಂದು ಸಲ ಬಿಳಿ ದೀಪದಲ್ಲಿ, ಒಂದು ಸಲ ಹಳದಿ ದೀಪದಲ್ಲಿ. ಕಲ್ಯಾಣ ಮಂಟಪದಲ್ಲಿ ಯಾವ ದೀಪಗಳಿವೆ ಎಂದು ಮೊದಲೇ ಹೋಗಿ ನೋಡಿ ಬಂದರೆ ಇನ್ನೂ ಒಳ್ಳೆಯದು.

ನೇಯ್ದ ಮೇಲೆ ಬಣ್ಣ ಹಾಕಿದ ಕ್ರೇಪ್‌ನಲ್ಲಿ ಹಾಸು, ಹೊಕ್ಕು ಎರಡೂ ಒಂದೇ ಬಣ್ಣ. ಎಲ್ಲಿಂದ ನೋಡಿದರೂ ಅದೇ ಹಸಿರು. ಮೈಯ ತರಿಗಳು ಬೆಳಕನ್ನು ಚದುರಿಸುವುದರಿಂದ ಕಣ್ಣು ಕುಕ್ಕುವುದಿಲ್ಲ. ಹತ್ತಿರದಿಂದ ನೋಡಿದರೆ ಬಹಳ ಚೆಂದ. ವೇದಿಕೆಯ ಜೋರು ಬೆಳಕಿನಲ್ಲಿ, ಇಪ್ಪತ್ತು ಅಡಿ ದೂರದಿಂದ ಮಾತ್ರ ಅದು ಒಂದೇ ಹಸಿರು ಹಾಳೆಯಂತೆ ಸಪ್ಪೆಯಾಗುತ್ತದೆ. ನೆರಿಗೆಯ ಏರಿಳಿತ ಅಷ್ಟಾಗಿ ಕಾಣುವುದಿಲ್ಲ. ಈ ಸೀರೆಯಲ್ಲಿ ಪರೀಕ್ಷಿಸಬೇಕಾದ ದೋಷವೆಂದರೆ ಬಣ್ಣ ಸಮನಾಗಿ ಹತ್ತಿದೆಯೇ ಎಂಬುದು. ಉದ್ದಕ್ಕೂ ಸರಿಸುತ್ತಾ, ಒಂದು ತುದಿಯನ್ನು ಇನ್ನೊಂದು ತುದಿಯ ಪಕ್ಕದಲ್ಲಿಟ್ಟು ನೋಡಿ. ಮಧ್ಯದಲ್ಲಿ ಮೋಡದಂಥ ಕಲೆ ಕಂಡರೆ ಬದಲಿಸಿಕೊಳ್ಳಿ.

ಕಾಂಚೀಪುರಂ ಸೀರೆಯ ನೇರಳೆ ಒಂದು ಬಣ್ಣವಲ್ಲ. ಒಡಲಿನ ಒಂದು ಎಳೆಯನ್ನು ಬಿಡಿಸಿ ನೋಡಿದಾಗ ಹಾಸು ಗಾಢ ಗುಲಾಬಿ, ಹೊಕ್ಕು ನೀಲಿ. ನೂಲಿಗೆ ಮೊದಲೇ ಬಣ್ಣ ಹಾಕುವುದರಿಂದ ಮಾತ್ರ ಸಾಧ್ಯವಾಗುವ ಚೆಲುವು ಇದು. ಉಟ್ಟಾಗ ಏನಾಗುತ್ತದೆ ಎಂದು ಗಮನಿಸಿ: ಸೊಂಟದಿಂದ ಕೆಳಗೆ ಹಾಸಿನ ಎಳೆಗಳು ಮೈಯನ್ನು ಸುತ್ತಿ ಅಡ್ಡಲಾಗಿ ಓಡುತ್ತವೆ, ಹೊಕ್ಕು ಮೇಲಿಂದ ಕೆಳಕ್ಕೆ. ಎದೆಯಿಂದ ಭುಜಕ್ಕೆ ಏರುವ ಭಾಗದಲ್ಲಿ ಸೀರೆಯ ದಿಕ್ಕು ತಿರುಗುತ್ತದೆ, ಹಾಸು ಮೇಲ್ಮುಖವಾಗುತ್ತದೆ. ಮೇಲಿನಿಂದ ಬೀಳುವ ಬೆಳಕಿನಲ್ಲಿ ಅಡ್ಡಲಾಗಿ ಓಡುವ ಎಳೆ ಹೆಚ್ಚು ಮಿನುಗುವುದರಿಂದ ನೆರಿಗೆ ಗುಲಾಬಿಯ ಕಡೆಗೂ ಮೇಲಿನ ಭಾಗ ನೀಲಿಯ ಕಡೆಗೂ ವಾಲುತ್ತದೆ. ನಡೆದಾಗ ಬಣ್ಣ ಆಡುತ್ತದೆ. ವೇದಿಕೆಯ ಮೇಲಿಂದ ಬೀಳುವ ದೀಪಗಳಿಗೆ ಇದಕ್ಕಿಂತ ಒಪ್ಪುವ ಸೀರೆ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿತು. ಮೋಡ ಕವಿದ ಬೆಳಗಿನ, ಸುತ್ತಲಿನಿಂದ ಸಮನಾಗಿ ಬರುವ ಬೆಳಕಿನಲ್ಲಿ ಈ ಆಟ ಬಹುಪಾಲು ಮರೆಯಾಗುತ್ತದೆ.

ಎರಡನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ, ಉಡುವವರ ಮುಖವೂ ಬರುವಂತೆ. ಗುಲಾಬಿ ಬೆರೆತ ಬಣ್ಣಗಳನ್ನು ಮೊಬೈಲ್ ಕ್ಯಾಮೆರಾ ಹೆಚ್ಚು ಮಾಡಿ ತೋರಿಸುವುದುಂಟು. ಅದನ್ನು ಮೊದಲೇ ನೋಡಿಕೊಂಡರೆ ಛಾಯಾಗ್ರಾಹಕರಿಗೆ ಒಂದು ಮಾತು ಹೇಳಿಡಬಹುದು. ಧಾರೆಯಲ್ಲಿ ಮಗಳು ಉಡುವ ಸೀರೆಯನ್ನೂ ಪಕ್ಕದಲ್ಲಿಡಿ. ಅಕ್ಕನ ಮಗಳದು ಕೆನೆಬಿಳಿ ಒಡಲು, ಕೆಂಪು ಅಂಚು. ಅದರ ಪಕ್ಕದಲ್ಲಿ ಹಸಿರು ಹಿತವಾಗಿ ನಿಂತಿತು. ನೇರಳೆ ಮತ್ತು ಹಳದಿ ಎರಡೂ ಸೇರಿ ಮಗಳ ಸೀರೆಗಿಂತ ಮುಂದೆ ಬಂದವು, ಆ ಹೊತ್ತಿಗೆ ಅದು ಬೇಡ.

ಕೊನೆಗೆ ನೀರು. ಬಿಳಿ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಒಳತುದಿಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಉಜ್ಜಬೇಡಿ. ಕಾಂಚೀಪುರಂ ಸೀರೆಯ ನೇರಳೆ ಬಟ್ಟೆಗೆ ತುಸು ಹತ್ತಿತು. ಗಾಢ ಬಣ್ಣದ ರೇಷ್ಮೆಯಲ್ಲಿ ಇದು ಅಪರೂಪವಲ್ಲ, ಅದೊಂದೇ ಕಾರಣಕ್ಕೆ ಸೀರೆ ಕೆಟ್ಟದ್ದೆಂದು ಹಿಂದಿರುಗಿಸಬೇಕಿಲ್ಲ. ಆದರೆ ಆ ನೇರಳೆಯ ಪಕ್ಕದಲ್ಲೇ ಹಳದಿ ಅಂಚಿದೆ. ಧಾರೆಯ ನೀರು ಚೆಲ್ಲಿ ನೇರಳೆ ಹಳದಿಗೆ ಇಳಿದರೆ ಅದನ್ನು ಯಾರೂ ತೆಗೆಯಲಾರರು. ಕ್ರೇಪ್ ಸೀರೆಯ ಹಸಿರೂ ಕೊಂಚ ಬಿಟ್ಟಿತು, ಆದರೆ ಅದು ಹರಿಯುವುದು ಹಸಿರಿನೊಳಗೇ. ಅದಕ್ಕೆ ಬರುವ ತೊಂದರೆ ಸುಕ್ಕು. ಆ ಸುಕ್ಕನ್ನು ರೇಷ್ಮೆ ಸೀರೆಗಳ ಕೆಲಸ ಬಲ್ಲವರು ಹಬೆ ಕೊಟ್ಟು, ರೋಲ್ ಪ್ರೆಸ್ ಮಾಡಿ ಬಹುಮಟ್ಟಿಗೆ ಸರಿಪಡಿಸುತ್ತಾರೆ.

ತೂಗಿ ನೋಡಿದಾಗ

ಈಗ ಮೊದಲು ಬರೆದ ಕಾಗದವನ್ನು ತೆಗೆಯಿರಿ. ಕುಳಿತು ಏಳುವುದು, ಬಾಗುವುದು: ಕ್ರೇಪ್. ಹೊಟ್ಟೆಯ ಮೇಲಿನ ಜರಿಯ ಒತ್ತಡ: ಕ್ರೇಪ್ ಹಿತ. ನೀರು: ಎರಡಕ್ಕೂ ಅಪಾಯ, ಆದರೆ ಕ್ರೇಪ್‌ನದು ಸರಿಹೋಗುವ ಹಾನಿ. ದೂರದ ನೋಟ, ವೇದಿಕೆಯ ಬೆಳಕು, ನಿಂತ ನೆರಿಗೆ: ಕಾಂಚೀಪುರಂ. ಹಾಗಾಗಿ ಹಸಿರು ಮೈಸೂರು ಸಿಲ್ಕ್ ಧಾರೆಗೆ, ನೇರಳೆ ಕಾಂಚೀಪುರಂ ಆರತಕ್ಷತೆಗೆ ಎಂದಾಯಿತು. ಅಕ್ಕನ ಅತ್ತೆಯವರು ‘ಧಾರೆಗೆ ಇಷ್ಟು ಹಗುರದ ಸೀರೆಯೇ?’ ಎಂದು ಕೇಳಿದರು. ಅವರನ್ನೂ ಕಾಂಚೀಪುರಂ ಸೀರೆಯ ಸೊಂಟದ ಕಟ್ಟನ್ನು ಮುಟ್ಟಿ ನೋಡಿ ಎಂದೆವು. ಮುಟ್ಟಿದ ಮೇಲೆ ಒಪ್ಪಿದರು.

ಇದು ವಧುವಿನ ತಾಯಿಯ ತೀರ್ಮಾನ ಎಂಬುದನ್ನು ಮರೆಯಬೇಡಿ. ವಧುವೇ ಆಗಿದ್ದರೆ ನಾನು ಬೇರೆ ಹೇಳುತ್ತಿದ್ದೆ: ಅವಳ ಮೇಲೆ ಎಲ್ಲರ ಕಣ್ಣು, ಅವಳ ನೆರಿಗೆಯನ್ನು ಸರಿಪಡಿಸಲು ಪಕ್ಕದಲ್ಲಿ ಇಬ್ಬರು ಇರುತ್ತಾರೆ, ಆದ್ದರಿಂದ ತೂಕದ ಸೀರೆಯೇ ಸರಿ. 5 ಅಡಿ 6 ಇಂಚಿನವರಾದರೆ ಸೊಂಟದ ಜರಿಯ ತಕರಾರು ಕಡಿಮೆಯಾಗುತ್ತದೆ. ಆಗ ಹೆಚ್ಚು ತೂಗುವುದು ಮಡಿಕೆ ಮತ್ತು ನೀರಿನ ಮಾತು.

ತೀರ್ಮಾನವಾದ ಮೇಲೆ

ಫಾಲ್ ಬಟ್ಟೆ ಹತ್ತಿಯದಾಗಿದ್ದರೆ ಅದನ್ನು ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಹೊಲಿಸಬೇಕು. ಇಲ್ಲವಾದರೆ ನಂತರ ಕುಗ್ಗಿ ಸೀರೆಯ ಅಂಚನ್ನು ಎಳೆಯುತ್ತದೆ. ಕ್ರೇಪ್ ಸೀರೆಗೆ ತೆಳು ಫಾಲ್ ಹಾಕಿಸಿ, ಕೈಹೊಲಿಗೆಯಲ್ಲಿ, ದಾರವನ್ನು ಬಿಗಿಯದೆ. ದಪ್ಪ ಫಾಲ್ ಹಾಕಿದರೆ ಆ ಬಟ್ಟೆ ಮೈಗೆ ಇಳಿಯುವ ರೀತಿಯೇ ಕೆಡುತ್ತದೆ. ಕಾಂಚೀಪುರಂ ಸೀರೆಗೆ ಸಾಸಿವೆ ಹಳದಿಗೆ ಹೊಂದುವ ಫಾಲ್ ಬೇಕು, ಒಡಲಿನ ಬಣ್ಣದ್ದಲ್ಲ. ನಡೆಯುವಾಗ ಹಿಂಬದಿ ಇಣುಕಿದರೆ ಕಾಣುವುದು ಅಂಚಿನ ಒಳಮೈ.

ಧಾರೆಯ ಹೊತ್ತಿಗೆ ಒಂದು ದಪ್ಪ ಹತ್ತಿ ಟವೆಲನ್ನು ಮಣೆಯ ಪಕ್ಕದಲ್ಲಿ ಇಡಿ, ಪಾದ ತೊಳೆಯುವಾಗ ಮಡಿಲ ಮೇಲೆ ಹರಡಿಕೊಳ್ಳಲು. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಹನಿ ಬಿದ್ದರೆ ಉಜ್ಜದೆ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ. ಸುಗಂಧ ದ್ರವ್ಯವನ್ನು ಸೀರೆ ಉಡುವ ಮೊದಲೇ ಮೈಗೆ ಹಾಕಿ ಆರಲು ಬಿಡಿ. ಜರಿಯ ಮೇಲೆ ಬಿದ್ದರೆ ಅಲ್ಲಿ ಕಪ್ಪಾಗುತ್ತದೆ.

ಮದುವೆ ಮುಗಿದ ರಾತ್ರಿ ಎರಡನ್ನೂ ಮಡಚಿಡಬೇಡಿ. ನೆರಳಿನಲ್ಲಿ ಗಾಳಿಗೆ ಹರಡಿ, ಬೆವರಿನ ತೇವ ಆರಿದ ಮೇಲೆ ಒಗೆದ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಕಾಂಚೀಪುರಂ ಸೀರೆಯನ್ನು ಕೆಲವು ತಿಂಗಳಿಗೊಮ್ಮೆ ಬಿಡಿಸಿ ಮಡಿಕೆಯ ಗೆರೆ ಬದಲಿಸಿ, ಇಲ್ಲವಾದರೆ ಜರಿ ಅದೇ ಗೆರೆಯಲ್ಲಿ ಮುರಿಯುತ್ತದೆ. ನುಸಿಗುಳಿಗೆಯನ್ನು ಸೀರೆಯ ಮಡಿಕೆಯೊಳಗೆ ಇಡಬೇಡಿ.